ಫೋನಿನ ಅಂಟಿಸಿದ ಬ್ಯಾಕ್ ಪ್ಯಾನೆಲ್ ಬಿಡುತ್ತಿಲ್ಲವಾ? ಎಲ್ಲಿ ಹಿಡಿದಿದೆ ಅಂತ ಪತ್ತೆ ಮಾಡುವುದು ಹೀಗೆ

ಈಗಿನ ಬಹಳಷ್ಟು ಫೋನ್‌ಗಳ ಹಿಂಬದಿಯಲ್ಲಿ ಒಂದು ಸ್ಕ್ರೂ ಕೂಡ ಕಾಣುವುದಿಲ್ಲ. ಅಂಚಿನ ಸುತ್ತ ಎರಡೂ ಕಡೆ ಅಂಟುವ ತೆಳ್ಳನೆಯ ಗಮ್ ಪಟ್ಟಿ ಇರುತ್ತದೆ, ಪ್ಯಾನೆಲ್ ನಿಂತಿರುವುದು ಅದರ ಮೇಲೆ. ಬ್ಯಾಟರಿ ಬದಲಿಸಬೇಕು, ಒಡೆದ ಗಾಜು ತೆಗೆಯಬೇಕು, ಮಳೆಯಲ್ಲಿ ನೆನೆದು ಕ್ಯಾಮೆರಾ ಒಳಗೆ ಮಂಜು ಕಟ್ಟಿದೆ ಅಂದರೆ ಮೊದಲು ಈ ಪ್ಯಾನೆಲ್ ಏಳಬೇಕು. ಜಾಸ್ತಿ ಫೋನ್ ಹಾಳಾಗುವುದೂ ಇಲ್ಲೇ.

ಆ ಗಮ್‌ನ ಗುಣ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ತಣ್ಣಗಿದ್ದಾಗ ಅದು ಬಿಗಿಯಾಗಿ ಹಿಡಿದಿರುತ್ತದೆ. ಬೆಚ್ಚಗಾದರೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಿಡುತ್ತದೆ. ಇನ್ನೊಂದು ವಿಷಯ, ಫಕ್ಕನೆ ಎಳೆದರೆ ಅದು ಬಿಡುವುದೇ ಇಲ್ಲ, ಆದರೆ ಸಣ್ಣ ಒತ್ತಡ ಕೊಟ್ಟು ಹಾಗೇ ಹಿಡಿದು ಅರ್ಧ ನಿಮಿಷ ಕಾದರೆ ತಾನಾಗಿ ದಾರಿ ಕೊಡುತ್ತದೆ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಮ್ ಕತ್ತರಿಸಲು ಅಂಚಿನೊಳಗೆ ತೂರಿಸುವ ತೆಳ್ಳನೆಯ ಪ್ಲಾಸ್ಟಿಕ್ ಪಿಕ್ ಈಗ ನಿಂತಿರುವ ಜಾಗ ಬಿಸಿ ಇದೆಯಾ? ಮಲೆನಾಡಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಉತ್ತರ ಬಹಳ ಸಲ "ಇಲ್ಲ" ಅಂತಲೇ ಇರುತ್ತದೆ. ಕೋಣೆಯೇ ತಣ್ಣಗಿರುತ್ತದೆ, ಮೇಲೆ ಫ್ಯಾನ್ ಬೇರೆ ತಿರುಗುತ್ತಿರುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಹೇರ್ ಡ್ರೈಯರ್, ಮೂರ್ನಾಲ್ಕು ತೆಳ್ಳನೆಯ ಪ್ಲಾಸ್ಟಿಕ್ ಪಿಕ್, ಒಂದು ಸಕ್ಷನ್ ಕಪ್, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್, ಅಗಲವಾದ ಪಾರದರ್ಶಕ ಟೇಪ್, ಕಣ್ಣಿಗೆ ಕನ್ನಡಕ. ಪಿಕ್ ಅರ್ಧ ಮಿಲಿಮೀಟರ್‌ಗಿಂತ ದಪ್ಪ ಬೇಡ. ಗಿಟಾರ್ ನುಡಿಸುವ ತೆಳು ಪಿಕ್ ಆದರೂ ನಡೆಯುತ್ತದೆ. ಎಟಿಎಂ ಕಾರ್ಡ್ ಮುಕ್ಕಾಲು ಮಿಲಿಮೀಟರ್ ದಪ್ಪ ಇರುತ್ತದೆ, ಅದನ್ನು ತುರುಕಿದರೆ ಗಾಜು ಒಂದು ಕಡೆ ಎದ್ದು ಸೀಳುತ್ತದೆ. ಬ್ಲೇಡ್, ಚಾಕು, ಸ್ಕ್ರೂಡ್ರೈವರ್ ಯಾವುದೂ ಬೇಡ. ಒಳಗೆ ಬ್ಯಾಟರಿ ಇದೆ ಅನ್ನುವುದನ್ನು ಒಂದು ಕ್ಷಣವೂ ಮರೆಯಬಾರದು.

## ಶುರು ಮಾಡುವ ಮೊದಲೇ ಪ್ಯಾನೆಲ್ ಎದ್ದು ನಿಂತಿದೆ

ಇದು ಮೊದಲು ನೋಡಬೇಕಾದ ಲಕ್ಷಣ. ಇದಕ್ಕೆ ಖರ್ಚೂ ಇಲ್ಲ. ಫೋನ್ ಆಫ್ ಮಾಡಿ, ಪೌಚ್ ತೆಗೆದು, ಸಮನಾದ ಮೇಜಿನ ಮೇಲೆ ಇಟ್ಟು ಅಂಚಿನ ಮಟ್ಟಕ್ಕೆ ಕಣ್ಣು ತಂದು ನೋಡಿ. ಆಚೆ ಕಡೆಯಿಂದ ಟಾರ್ಚ್ ಹಿಡಿದರೆ ಸಂದು ಇದ್ದರೆ ಬೆಳಕು ಕಾಣುತ್ತದೆ.

ಒಂದು ಮೂಲೆಯಲ್ಲಿ ಮಾತ್ರ ಸಂದು, ಫೋನ್ ಯಾವತ್ತೋ ಆ ಮೂಲೆಗೇ ಬಿದ್ದಿತ್ತು, ಫ್ರೇಮ್ ನಜ್ಜಾಗಿದೆ ಅಂದರೆ ಬಹುತೇಕ ಗಮ್ ಬಿಟ್ಟಿದೆ ಅಷ್ಟೇ. ಆದರೆ ಮಧ್ಯದಲ್ಲಿ ಉಬ್ಬಿದೆ, ಉದ್ದದ ಬದಿಯಲ್ಲಿ ಎದ್ದಿದೆ, ಮೇಜಿನ ಮೇಲೆ ಇಟ್ಟರೆ ಫೋನ್ ಅಲ್ಲಾಡುತ್ತದೆ, ಮುಂದಿನ ಸ್ಕ್ರೀನ್ ಕೂಡ ಸ್ವಲ್ಪ ಎತ್ತಿದ ಹಾಗಿದೆ ಅಂದರೆ ಬ್ಯಾಟರಿ ಊದಿದೆ ಅಂತಲೇ ತಿಳಿಯಿರಿ. ಕ್ಯಾಮೆರಾ ಉಬ್ಬಿರುವ ಫೋನ್ ಹಿಂಬದಿ ಮೇಲೆ ಇಟ್ಟರೆ ಸಹಜವಾಗಿಯೂ ಅಲ್ಲಾಡುತ್ತದೆ, ಅದಕ್ಕೇ ಸ್ಕ್ರೀನ್ ಕೆಳಗೆ ಮಾಡಿ ಇಟ್ಟೂ ನೋಡಿ.

ಬ್ಯಾಟರಿ ಊದಿದ್ದರೆ ಇಲ್ಲಿಗೇ ನಿಲ್ಲಿಸಿ. ಬಿಸಿ ಕೊಡಬೇಡಿ, ಪಿಕ್ ಹಾಕಬೇಡಿ, ಎದ್ದಿರುವುದನ್ನು ಒತ್ತಿ ಕೂರಿಸಲೂ ಹೋಗಬೇಡಿ. ಚಾರ್ಜ್‌ಗೆ ಹಾಕುವುದಂತೂ ಬೇಡವೇ ಬೇಡ. ಸ್ಟೀಲ್ ಪಾತ್ರೆಯಲ್ಲಿ ಒಣ ಮರಳು ಹಾಕಿ, ಅದರ ಮೇಲೆ ಫೋನ್ ಇಟ್ಟು, ಒಲೆ ಮತ್ತು ಬಟ್ಟೆಬರೆಯಿಂದ ದೂರ ಇಡಿ. ಆಮೇಲೆ ರಿಪೇರಿ ಮಾಡುವವರಿಗೆ ಒಯ್ಯಿರಿ. ಮಳೆಗಾಲದಲ್ಲಿ ಮರಳು ಒದ್ದೆ ಇರುತ್ತದೆ, ಬಿಸಿ ಬಾಣಲೆಯಲ್ಲಿ ಹುರಿದು ಆರಿಸಿಟ್ಟುಕೊಂಡರೆ ವರ್ಷಪೂರ್ತಿ ಆಗುತ್ತದೆ.

ಬ್ಯಾಟರಿ ಸರಿ ಇದೆ ಅನ್ನಿಸಿದರೂ ಚಾರ್ಜ್ 25 ಪರ್ಸೆಂಟ್‌ಗಿಂತ ಕೆಳಗೆ ಇಳಿಸಿ, ಆಮೇಲೆ ಫೋನ್ ಆಫ್ ಮಾಡಿ ಕೆಲಸ ಶುರು ಮಾಡಿ. ತುಂಬಿದ ಬ್ಯಾಟರಿಗೆ ಪಿಕ್ ತಾಗಿ ಪೆಟ್ಟಾದರೆ ಹೊತ್ತಿಕೊಳ್ಳುವ ಅಪಾಯ ಜಾಸ್ತಿ.

## ಪಿಕ್ ಅಂಚಿನೊಳಗೆ ಹೋಗುತ್ತಲೇ ಇಲ್ಲ

ಮೊದಲು ಪ್ಯಾನೆಲ್ ಯಾವುದರದ್ದು ಅಂತ ನೋಡಿ. ಉಗುರಿನಿಂದ ತಟ್ಟಿ. ಗಾಜು ಕೈಗೆ ತಣ್ಣಗೆ ತಾಗುತ್ತದೆ, ಸದ್ದು ಚುರುಕಾಗಿರುತ್ತದೆ. ಪ್ಲಾಸ್ಟಿಕ್ ಸದ್ದು ಮಂದ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಪ್ಲಾಸ್ಟಿಕ್ ಪ್ಯಾನೆಲ್ ಸಣ್ಣ ಸಣ್ಣ ಲಾಕ್‌ಗಳ ಮೇಲೆ ಕೂತಿರುತ್ತದೆ, ಗಮ್ ಇದ್ದರೂ ಸ್ವಲ್ಪವೇ. ಅಂಥದ್ದಕ್ಕೆ ಸಿಮ್ ಟ್ರೇ ತೆಗೆದಿಟ್ಟು, ಬಿಸಿ ಇಲ್ಲದೆಯೇ ಮೂಲೆಯಿಂದ ಪಿಕ್ ಹಾಕಿ ನೋಡಿ. ಸಿಮ್ ಟ್ರೇ ಒಳಗೇ ಇದ್ದರೆ ಕೆಲವು ಮಾಡೆಲ್‌ಗಳಲ್ಲಿ ಅದೇ ಅಡ್ಡ ಹಿಡಿಯುತ್ತದೆ. ಪ್ಲಾಸ್ಟಿಕ್‌ಗೆ ಬಿಸಿ ಜಾಸ್ತಿ ಕೊಟ್ಟರೆ ಪ್ಯಾನೆಲ್ ಸೊಟ್ಟಗಾಗುತ್ತದೆ, ಆಮೇಲೆ ಅದು ಸರಿಯಾಗಿ ಕೂರುವುದಿಲ್ಲ.

ಐಫೋನ್ 8ರಿಂದ 13ರವರೆಗಿನ ಮಾಡೆಲ್‌ಗಳು ಬೇರೆಯೇ ಜಾತಿ. ಅವುಗಳಲ್ಲಿ ಹಿಂಬದಿ ಗಾಜು ಬರೀ ಅಂಚಿನಲ್ಲಿ ಅಲ್ಲ, ಕೆಳಗಿನ ಲೋಹದ ತಟ್ಟೆಗೆ ಪೂರ್ತಿ ಮೈ ಅಂಟಿಕೊಂಡಿರುತ್ತದೆ. ಹೇರ್ ಡ್ರೈಯರ್ ಮತ್ತು ಪಿಕ್‌ನಿಂದ ಆಗುವ ಕೆಲಸ ಅಲ್ಲ ಅದು. ಅಂಗಡಿಯವರು ಲೇಸರ್ ಮಷಿನ್‌ನಲ್ಲಿ ಅಂಟು ಸುಟ್ಟು ಗಾಜು ತೆಗೆಯುತ್ತಾರೆ. ಸುಮ್ನೆ ಹೊತ್ತು ಕಳೆಯಬೇಡಿ.

ಉಳಿದ ಗಾಜಿನ ಪ್ಯಾನೆಲ್ ಆದರೆ ಬಿಸಿ ಕೊಡುವ ಕ್ರಮ ಹೀಗೆ. ಫ್ಯಾನ್ ಆಫ್ ಮಾಡಿ. ಫೋನ್ ಕೆಳಗೆ ಮಡಚಿದ ಹತ್ತಿ ಟವೆಲ್ ಹಾಕಿ, ಇಲ್ಲದಿದ್ದರೆ ತಣ್ಣನೆ ಮೇಜು ಅಥವಾ ರೆಡ್ ಆಕ್ಸೈಡ್ ನೆಲ ಕೆಳಗಿನಿಂದ ಬಿಸಿ ಎಳೆದುಕೊಳ್ಳುತ್ತದೆ. ಚಾರ್ಜಿಂಗ್ ಪೋರ್ಟ್ ಇರುವ ಕೆಳ ಅಂಚಿನಿಂದ ಶುರು ಮಾಡಿ, ಏಕೆಂದರೆ ಪಕ್ಕದ ಅಂಚು ಬಹಳ ಫೋನ್‌ಗಳಲ್ಲಿ ಬಾಗಿರುತ್ತದೆ, ಬಾಗಿದ ಗಾಜಿಗೆ ಪಿಕ್ ಸಿಗುವುದು ಕಷ್ಟ. ಹೇರ್ ಡ್ರೈಯರನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಹಿಡಿದು ಅತ್ತಿಂದಿತ್ತ ಆಡಿಸುತ್ತಾ ಒಂದೂವರೆ ಎರಡು ನಿಮಿಷ ಬಿಸಿ ಮಾಡಿ. ಒಂದೇ ಕಡೆ ನಿಲ್ಲಿಸಬೇಡಿ.

ಸಾಕಾಯಿತಾ ಅಂತ ಬೆರಳಿನ ಹಿಂಬದಿ ಇಟ್ಟು ನೋಡಿ. ಎರಡು ಮೂರು ಸೆಕೆಂಡ್ ಇಡಬಹುದು, ಅದಕ್ಕಿಂತ ಜಾಸ್ತಿ ಇಡಲು ಮನಸ್ಸಾಗುವುದಿಲ್ಲ ಅನ್ನುವಷ್ಟು ಬಿಸಿ ಸರಿ. ಡಿಗ್ರಿ ಲೆಕ್ಕದಲ್ಲಿ 60ರ ಆಸುಪಾಸು. ಇಟ್ಟ ತಕ್ಷಣ ಬೆರಳು ಹಿಂದಕ್ಕೆ ಬಂದರೆ ಜಾಸ್ತಿಯಾಯಿತು, ಆರಲು ಬಿಡಿ. ಬಣ್ಣ ಕೀಳುವ ಹೀಟ್ ಗನ್ ನೂರಾರು ಡಿಗ್ರಿಗೆ ಹೋಗುತ್ತದೆ, ಅದನ್ನು ಫೋನ್ ಹತ್ತಿರ ತರಲೇಬೇಡಿ.

ಮಧ್ಯದಲ್ಲಿ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ ಅಲ್ವಾ. ಬಚ್ಚಲ ಹಂಡೆಯಲ್ಲಿ ಚೆನ್ನಾಗಿ ಕಾದ ನೀರು ಇದ್ದರೆ ರಬ್ಬರಿನ ಬಿಸಿನೀರಿನ ಚೀಲಕ್ಕೆ ತುಂಬಿ, ಮುಚ್ಚಳ ಬಿಗಿ ಮಾಡಿ, ಚೀಲವನ್ನು ತಲೆಕೆಳಗು ಮಾಡಿ ಸೋರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಹೊರಗೆ ಒರೆಸಿ, ಒಣ ಬಟ್ಟೆಯ ಒಂದೇ ಪದರ ನಡುವೆ ಇಟ್ಟು ಅಂಚಿನ ಮೇಲೆ ಮೂರ್ನಾಲ್ಕು ನಿಮಿಷ ಇಡಿ. ಹೇರ್ ಡ್ರೈಯರ್‌ಗಿಂತ ನಿಧಾನ, ಆದರೆ ಬಿಸಿ ಒಂದೇ ಸಮ ಹರಡುತ್ತದೆ. ನನಗೆ ಬಾಗಿದ ಗಾಜಿಗೆ ಇದೇ ಇಷ್ಟ. ಒಲೆಯ ಮೇಲೆ, ಕೆಂಡದ ಹತ್ತಿರ, ತವದ ಮೇಲೆ ಫೋನ್ ಹಿಡಿಯುವುದು ಮಾತ್ರ ಬೇಡ.

ಬಿಸಿಯಾದ ಮೇಲೆ ಅಂಚಿನ ಹತ್ತಿರ ಸಕ್ಷನ್ ಕಪ್ ಅಂಟಿಸಿ, ಮೇಲಕ್ಕೆ ಮೆಲ್ಲಗೆ ಎಳೆದು ಹಾಗೇ ಹಿಡಿದುಕೊಳ್ಳಿ. ಜಗ್ಗಬೇಡಿ. ಇಪ್ಪತ್ತು ಮೂವತ್ತು ಸೆಕೆಂಡ್ ಆದ ಮೇಲೆ ಕೂದಲೆಳೆಯಷ್ಟು ಸಂದು ಕಾಣಿಸುತ್ತದೆ, ಪಿಕ್‌ನ ತುದಿ ಅಲ್ಲಿ ಇಡಿ. ಗಾಜು ಒಡೆದಿದ್ದರೆ ಕಪ್ ಗಾಳಿ ಹಿಡಿಯುವುದಿಲ್ಲ. ಆಗ ಮೊದಲೇ ಇಡೀ ಗಾಜಿನ ಮೇಲೆ ಅಗಲ ಟೇಪ್ ಅಂಟಿಸಿ, ಆಮೇಲೆ ಕಪ್ ಹಾಕಿ. ಚೂರು ಹಾರದಂತೆಯೂ ಟೇಪ್ ತಡೆಯುತ್ತದೆ.

## ಪಿಕ್ ಹೋಯಿತು, ಮುಂದೆ ಸರಿಯುತ್ತಿಲ್ಲ. ದಾಟಿದ ಜಾಗ ಮತ್ತೆ ಅಂಟುತ್ತಿದೆ

ಇದು ಎಲ್ಲರಿಗೂ ಆಗುವ ತೊಂದರೆ. ಕಾರಣ ಗಮ್ ತಣ್ಣಗಾಗಿದ್ದು. ಪಿಕ್ ಹೊರಗೆ ಎಳೆದು ಅದರ ಮೈ ನೋಡಿ. ಗಮ್ ಎಳೆ ಉದ್ದಕ್ಕೆ ಹಿಗ್ಗಿ ಪಿಕ್ ಜೊತೆ ಬಂದರೆ ಬಿಸಿ ಸಾಕಷ್ಟಿದೆ, ಇನ್ನೂ ಮೆಲ್ಲಗೆ ಹೋಗಬೇಕು ಅಷ್ಟೇ. ಪಿಕ್ ಒಣಗಿದಂತೆ ಬಂದು ತುದಿ ಮಡಚಿಕೊಂಡಿದ್ದರೆ ಗಮ್ ಗಟ್ಟಿಯಾಗಿದೆ, ಮತ್ತೆ ಬಿಸಿ ಬೇಕು. ಪಿಕ್‌ನ ಅಂಚು ಹರಿದಿದ್ದರೆ ಹೊಸದು ತೆಗೆದುಕೊಳ್ಳಿ, ಹರಿದ ಪಿಕ್ ಗಮ್ ಕತ್ತರಿಸುವುದಿಲ್ಲ, ಅಗಿಯುತ್ತದೆ.

ಕತ್ತರಿಸುವಾಗ ಪಿಕ್ ಮಲಗಿದಂತೆ ಇರಲಿ, ಎತ್ತಿ ಮೀಟಬೇಡಿ. ಒಳಗೆ ನಾಲ್ಕೈದು ಮಿಲಿಮೀಟರ್‌ಗಿಂತ ಜಾಸ್ತಿ ಹೋಗುವ ಅಗತ್ಯವೇ ಇಲ್ಲ, ಗಮ್ ಇರುವುದು ಅಷ್ಟರೊಳಗೆ. ಪಿಕ್‌ಗೆ ಆ ಅಳತೆಯಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡರೆ ಮೈಮರೆತು ಆಳಕ್ಕೆ ತಳ್ಳುವುದು ತಪ್ಪುತ್ತದೆ. ಮಧ್ಯದಲ್ಲಿ ಬ್ಯಾಟರಿ ಇದೆ, ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನ್ ಆದರೆ ಅದರ ಮೇಲೆ ಸುರುಳಿಯೂ ಇದೆ.

ಮತ್ತೆ ಅಂಟುವುದನ್ನು ತಡೆಯಲು ದಾಟಿದ ಪ್ರತಿ ಮೂಲೆಯಲ್ಲೂ ಒಂದು ಪಿಕ್ ಬಿಟ್ಟುಬಿಡಿ. ಅದಕ್ಕೇ ಮೂರ್ನಾಲ್ಕು ಬೇಕು ಅಂದಿದ್ದು. ಒಂದೇ ಪಿಕ್ ಇಟ್ಟುಕೊಂಡು ಸುತ್ತು ಹಾಕುವವರಿಗೆ ನಾಲ್ಕನೇ ಬದಿಗೆ ಬರುವಷ್ಟರಲ್ಲಿ ಮೊದಲನೇ ಬದಿ ಪೂರ್ತಿ ಕೂತಿರುತ್ತದೆ.

## ಮೂರು ಬದಿ ಬಂತು, ಕ್ಯಾಮೆರಾ ಇರುವ ಕಡೆ ಬರುತ್ತಿಲ್ಲ

ತೀರ್ಥಹಳ್ಳಿ ಕಡೆಯ ನನ್ನ ಗೆಳೆಯನೊಬ್ಬ ಇದೇ ಸ್ಥಿತಿಯಲ್ಲಿ ಫೋನ್ ತಂದಿದ್ದ. ಗಾಜಿನ ಪ್ಯಾನೆಲ್, ಒಡೆದಿರಲಿಲ್ಲ, ಬ್ಯಾಟರಿ ಬದಲಿಸಬೇಕಿತ್ತು. ಕೆಳ ಅಂಚು ಮತ್ತು ಎರಡು ಪಕ್ಕ ತಾನೇ ಬಿಡಿಸಿದ್ದ, ಮೂಲೆಗಳಲ್ಲಿ ಪಿಕ್ ಹಾಗೇ ಇತ್ತು. ಮೇಲಿನ ಭಾಗ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. "ಮಾರಾಯ, ಕೆಳಗಿನಿಂದ ಎತ್ತಿ ಬಿಡ್ಲಾ?" ಅಂತ ಕೇಳಿದ. ಬೇಡ ಅಂದೆ. ಹಾಗೆ ಎತ್ತಿದ್ದರೆ ಬಾಗುವ ಭಾರ ಎಲ್ಲಾ ಕ್ಯಾಮೆರಾ ಕಿಂಡಿಯ ಹತ್ತಿರ ಬಂದು ಬೀಳುತ್ತಿತ್ತು. ಗಾಜಿನಲ್ಲಿ ತೂತು ಇರುವ ಜಾಗವೇ ಎಲ್ಲಕ್ಕಿಂತ ಸೂಕ್ಷ್ಮ, ಸೀಳು ಅಲ್ಲಿಂದಲೇ ಹೊರಡುತ್ತದೆ.

ನೋಡಿದ್ದು ಹೀಗೆ. ಕೆಳ ಅಂಚಿಗೆ ಬೆರಳಿಟ್ಟರೆ ಇನ್ನೂ ಉಗುರುಬೆಚ್ಚಗಿತ್ತು. ಕ್ಯಾಮೆರಾ ಸುತ್ತ ಇಟ್ಟರೆ ತಣ್ಣಗೆ. ಅವನು ಎಲ್ಲಾ ಕಡೆ ಒಂದೇ ಹೊತ್ತು ಬಿಸಿ ಕೊಟ್ಟಿದ್ದರೂ ಅಲ್ಲಿ ಬಿಸಿ ನಿಂತಿರಲಿಲ್ಲ. ಕ್ಯಾಮೆರಾ ಸುತ್ತಲಿನ ಲೋಹದ ಚೌಕಟ್ಟು ಬಿಸಿಯನ್ನು ಎಳೆದು ಹರಡಿಬಿಡುತ್ತದೆ, ಸಾಲದ್ದಕ್ಕೆ ಅಲ್ಲಿ ಗಮ್ ಪಟ್ಟಿ ಅಂಚಿಗಿಂತ ಅಗಲ. ಹೊರ ಅಂಚಿನಲ್ಲಿ ಒಂದು ಸಾಲು, ಕಿಂಡಿಯ ಸುತ್ತ ಇನ್ನೊಂದು ಸುತ್ತು. ಹೊರಗಿನದು ಕತ್ತರಿಸಿದರೂ ಒಳಗಿನದು ಹಿಡಿದಿರುತ್ತದೆ.

ಮಾಡಿದ್ದು ಇಷ್ಟು. ಇದ್ದ ಪಿಕ್‌ಗಳನ್ನು ಮುಟ್ಟಲಿಲ್ಲ. ಕ್ಯಾಮೆರಾ ಭಾಗಕ್ಕೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಬಿಸಿ: ಒಂದು ನಿಮಿಷ ಕೊಟ್ಟು, ಅರ್ಧ ನಿಮಿಷ ಬಿಟ್ಟು, ಮತ್ತೆ ಒಂದು ನಿಮಿಷ. ನಡುವೆ ಬಿಡುವುದು ಏಕೆ ಅಂದರೆ, ಮೇಲಿನ ಗಾಜು ಬೇಗ ಬಿಸಿಯಾಗುತ್ತದೆ, ಕೆಳಗಿನ ಗಮ್‌ಗೆ ಅದು ಇಳಿಯಲು ಹೊತ್ತು ಬೇಕು. ಆಮೇಲೆ ಡ್ರೈಯರ್ ಆಫ್ ಮಾಡಿ ದೂರ ಇಟ್ಟು, ಬೆಚ್ಚಗಿನ ಮಟ್ಟಕ್ಕೆ ಇಳಿದ ಮೇಲೆ, ಪಕ್ಕದ ಸಂದಿನಿಂದ ಒಂದೆರಡು ಹನಿ ಆಲ್ಕೋಹಾಲ್ ಬಿಟ್ಟು ಫೋನ್ ಓರೆ ಮಾಡಿ ಒಂದು ನಿಮಿಷ ಕಾದೆವು. ಆಲ್ಕೋಹಾಲ್ ಗಮ್‌ನ ಹಿಡಿತ ಸಡಿಲ ಮಾಡುತ್ತದೆ. ಆದರೆ ಅದು ಬೇಗ ಹೊತ್ತಿಕೊಳ್ಳುವ ವಸ್ತು, ಹಾಕಿದ ಮೇಲೆ ಮತ್ತೆ ಡ್ರೈಯರ್ ಹಿಡಿಯಬಾರದು, ಹತ್ತಿರ ದೀಪ, ಸಿಗರೇಟು ಏನೂ ಇರಬಾರದು, ಕಿಟಕಿ ತೆರೆದಿರಬೇಕು. ಜಾಸ್ತಿ ಸುರಿದರೆ ಲೆನ್ಸ್ ಒಳಗೆ ಇಳಿದು ಕಲೆ ಮಾಡುತ್ತದೆ.

ನಂತರ ತೀರ ತೆಳ್ಳನೆಯ ಪಿಕ್ಕನ್ನು ಮೇಲಿನ ಮೂಲೆಯಿಂದ ಓರೆಯಾಗಿ ಮಲಗಿಸಿ ತಳ್ಳಿ, ಹಾಗೇ ಹಿಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಗಾಜಿನಡಿ ಗಮ್ ಬಿಡುವುದು ಬೆರಳಿಗೆ ಗೊತ್ತಾಯಿತು, ಪಿಕ್ ತಾನಾಗಿ ಒಂದು ಚೂರು ಮುಂದೆ ಹೋಯಿತು. ಕಿಂಡಿಯ ಆಚೆ ಬದಿಯಿಂದಲೂ ಅದೇ ರೀತಿ. ಪ್ಯಾನೆಲ್ ಪೂರ್ತಿ ಎದ್ದಾಗ ನೋಡಿದರೆ ಕ್ಯಾಮೆರಾ ಸುತ್ತ ಕಪ್ಪು ಗಮ್ ಹೆಚ್ಚುಕಡಿಮೆ ಅರ್ಧ ಬೆರಳಗಲ ಇತ್ತು, ಉಳಿದ ಕಡೆ ಅದರ ಕಾಲು ಭಾಗವೂ ಇರಲಿಲ್ಲ.

ಇಷ್ಟು ಮಾಡಿದರೂ ಬರದಿದ್ದರೆ ಇನ್ನೊಂದು ಸುತ್ತು ಬಿಸಿ ಕೊಡಬಹುದು, ಆದರೆ ಮೊದಲು ಆಲ್ಕೋಹಾಲ್ ಪೂರ್ತಿ ಆರಬೇಕು. ಅದಕ್ಕೂ ಜಗ್ಗದಿದ್ದರೆ ಅಂಗಡಿಗೆ ಕೊಡಿ. ಅವರ ಹತ್ತಿರ ಒಂದೇ ಉಷ್ಣತೆ ಕಾಯ್ದುಕೊಳ್ಳುವ ಹೀಟಿಂಗ್ ಪ್ಲೇಟ್ ಇರುತ್ತದೆ, ಇಂಥ ಜಾಗಕ್ಕೆ ಅದೇ ಸರಿ.

## "ಟಿಕ್" ಅಂತ ಸದ್ದು ಬಂತು

ಪ್ಲಾಸ್ಟಿಕ್ ಪ್ಯಾನೆಲ್ ಆದರೆ ಗಾಬರಿ ಬೇಡ, ಲಾಕ್ ಬಿಟ್ಟ ಸದ್ದು ಅದು. ಅಂಚಿನ ಉದ್ದಕ್ಕೂ ಸಮ ಅಂತರದಲ್ಲಿ ಬರುತ್ತಾ ಹೋಗುತ್ತದೆ.

ಗಾಜಿನಲ್ಲಿ ಟಿಕ್ ಅಂದರೆ ಸೀಳು. ಕೈ ಅಲ್ಲೇ ನಿಲ್ಲಿಸಿ, ಪಿಕ್ ಎಳೆಯಬೇಡಿ. ಬೆಳಕನ್ನು ಓರೆಯಾಗಿ ಬಿಟ್ಟು ಗೆರೆ ಹುಡುಕಿ. ಗೆರೆ ಪಿಕ್‌ನ ಹತ್ತಿರವೇ ಶುರುವಾಗಿದ್ದರೆ ಪಿಕ್ ಎತ್ತಿ ಮೀಟಿದಂತಾಗಿದೆ ಅಥವಾ ದಪ್ಪ ಜಾಸ್ತಿಯಾಗಿದೆ. ಪಿಕ್ ಇಲ್ಲದ ಕಡೆ ಗೆರೆ ಬಂದಿದ್ದರೆ ಒಂದು ಭಾಗ ತುಂಬ ಬಿಸಿ, ಪಕ್ಕದ್ದು ತಣ್ಣಗೆ ಆಗಿರುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ತಣ್ಣನೆ ಫೋನಿಗೆ ಹತ್ತಿರದಿಂದ ಜೋರು ಬಿಸಿ ಬಿಟ್ಟರೆ ಹೀಗಾಗುತ್ತದೆ. ಗಾಜಿನ ಮೇಲೆ ಟೇಪ್ ಹಾಕಿ, ಕನ್ನಡಕ ಹಾಕಿಕೊಂಡು ಮುಂದುವರಿಯಿರಿ. ಹೇಗೂ ಹೊಸ ಪ್ಯಾನೆಲ್ ಹಾಕಲೇಬೇಕು ಅಂತ ಇದ್ದರೆ ಸೀಳಿನಿಂದ ನಷ್ಟವಿಲ್ಲ. ಹಳೆಯದೇ ವಾಪಸ್ ಹಾಕಬೇಕಿದ್ದರೆ ಅಲ್ಲಿಗೇ ಬಿಟ್ಟು ಗೊತ್ತಿದ್ದವರಿಗೆ ಕೊಡುವುದು ಒಳ್ಳೆಯದು. ಗಾಜಿನ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಿರಿ.

## ನಾಲ್ಕೂ ಬದಿ ಬಿಟ್ಟಿದೆ, ಆದರೂ ಏನೋ ಎಳೆಯುತ್ತಿದೆ

ಇಲ್ಲಿ ಎತ್ತಲೇಬಾರದು. ಹಿಂಬದಿಯಲ್ಲಿ ಫಿಂಗರ್‌ಪ್ರಿಂಟ್ ಇರುವ ಫೋನ್‌ಗಳಲ್ಲಿ ಪ್ಯಾನೆಲ್‌ನಿಂದ ಬೋರ್ಡ್‌ಗೆ ಕಾಗದದಷ್ಟು ತೆಳ್ಳನೆಯ ಫ್ಲೆಕ್ಸ್ ಕೇಬಲ್ ಇರುತ್ತದೆ. ಗಮ್ ಎಳೆದರೆ ಮೆಲ್ಲಗೆ ಹಿಗ್ಗಿ ಬಿಡುತ್ತದೆ, ಕೇಬಲ್ ಹಿಗ್ಗುವುದಿಲ್ಲ, ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಿಸುತ್ತದೆ. ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಪುಸ್ತಕ ತೆರೆದಂತೆ ಒಂದು ಪಕ್ಕಕ್ಕೆ ಸ್ವಲ್ಪವೇ ತೆರೆದು, ಒಳಗೆ ಟಾರ್ಚ್ ಬಿಟ್ಟು ನೋಡಿ. ಕೇಬಲ್ ಕಂಡರೆ ಅದರ ತುದಿಯ ಕನೆಕ್ಟರನ್ನು ಪ್ಲಾಸ್ಟಿಕ್ ಕಡ್ಡಿಯಿಂದ ನೇರ ಮೇಲಕ್ಕೆ ಎತ್ತಿ ಬಿಡಿಸಿ. ಕೆಲವದರಲ್ಲಿ ಕನೆಕ್ಟರ್ ಮೇಲೆ ಸಣ್ಣ ತಗಡು, ಅದಕ್ಕೆ ಸ್ಕ್ರೂ ಇರುತ್ತದೆ. ಈ ಕೇಬಲ್ ಹರಿದರೆ ಬೆರಳಚ್ಚು ಹೋದಂತೆಯೇ.

## ಸಿಹಿ ವಾಸನೆ, ಬುಸ್ ಅನ್ನುವ ಸದ್ದು, ಬಿಸಿ ಇಳಿಯುತ್ತಲೇ ಇಲ್ಲ

ಡ್ರೈಯರ್ ನಿಲ್ಲಿಸಿ ಐದು ನಿಮಿಷವಾದರೂ ಫೋನಿನ ಮಧ್ಯಭಾಗ ಬಿಸಿ ಏರುತ್ತಲೇ ಇದ್ದರೆ, ನೇಲ್ ಪಾಲಿಶ್ ರೀತಿಯ ಸಿಹಿ ಘಾಟು ಬಂದರೆ ಬ್ಯಾಟರಿಗೆ ಪೆಟ್ಟಾಗಿದೆ. ಮುಖ ದೂರ ಮಾಡಿ. ಹೊಗೆ ಇನ್ನೂ ಇಲ್ಲ ಅಂದರೆ ಇಕ್ಕಳದಲ್ಲಿ ಹಿಡಿದು ಮರಳಿನ ಪಾತ್ರೆಗೆ ಹಾಕಿ ಅಂಗಳಕ್ಕೆ ಒಯ್ಯಿರಿ. ಹೊಗೆ ಶುರುವಾಗಿದ್ದರೆ ಫೋನ್ ಉಳಿಸುವ ಯೋಚನೆ ಬಿಡಿ, ಎಲ್ಲರೂ ಹೊರಗೆ ಬನ್ನಿ, ಆ ಹೊಗೆ ಉಸಿರಾಡಬಾರದು. ಬೆಂಕಿ ಹರಡುವಂತಿದ್ದರೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

## ವಾಪಸ್ ಅಂಟಿಸಿದ ಮೇಲೆ ಅಂಚು ಕೂರುತ್ತಿಲ್ಲ

ಹಳೆ ಗಮ್ ಉಳಿದಿರುವುದೇ ಇದಕ್ಕೆ ಮುಖ್ಯ ಕಾರಣ. ಫ್ರೇಮ್ ಮೇಲೂ ಪ್ಯಾನೆಲ್ ಮೇಲೂ ಪಿಕ್‌ನಿಂದ ಕೆರೆದು, ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹೊಸ ಗಮ್ ಪಟ್ಟಿ ಹಾಕಿ. ಶಿವಮೊಗ್ಗದ ಬಿಡಿಭಾಗದ ಅಂಗಡಿಗಳಲ್ಲಿ ಮಾಡೆಲ್ ಹೇಳಿ ಕೇಳಿ, ಅದೇ ಆಕಾರಕ್ಕೆ ಕತ್ತರಿಸಿದ ಪಟ್ಟಿ ಸಿಕ್ಕಿದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಬಿ-7000 ಗಮ್ ತೆಳ್ಳಗೆ ಒಂದು ಗೆರೆ ಎಳೆದು, ಮೈಕ್ ಕಿಂಡಿ ಮತ್ತು ಲೆನ್ಸ್ ಮೇಲೆ ಹೋಗದಂತೆ ನೋಡಿಕೊಳ್ಳಿ. ಕೂರಿಸಿದ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿ ಒಂದು ದಿನ ಮುಟ್ಟದೆ ಬಿಡಿ. ಮಳೆಯ ದಿನಗಳಲ್ಲಿ ಎರಡು ದಿನ ಬಿಟ್ಟರೆ ಇನ್ನೂ ವಾಸಿ.

ಗಮ್ ಎಲ್ಲಾ ತೆಗೆದು ಹೊಸದು ಹಾಕಿದರೂ ಅಂಚು ಮತ್ತೆ ಏಳುತ್ತಿದ್ದರೆ ಒಳಗೆ ಏನೋ ಎತ್ತಿ ಹಿಡಿದಿದೆ. ಕನೆಕ್ಟರ್ ಸರಿಯಾಗಿ ಕೂತಿದೆಯಾ, ಹೊಸ ಬ್ಯಾಟರಿ ಹಳೆಯದರಷ್ಟೇ ದಪ್ಪ ಇದೆಯಾ ನೋಡಿ. ಒತ್ತಿ ಕೂರಿಸಬೇಡಿ. ಅಂಚು ಚೆನ್ನಾಗಿ ಕೂತರೂ ಫೋನ್ ಮೊದಲಿನಷ್ಟು ನೀರು ತಡೆಯುತ್ತದೆ ಅಂತ ನಂಬಬೇಡಿ. ತೋಟಕ್ಕೆ ಹೋಗುವಾಗ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಹೋಗಿ.